ಕೊಳ್ಳುವಾಗಲೇ ಟಾರ್ಗೆಟ್ಟೂ ಸ್ಟಾಪೂ: ಒಸಿಒ ಮತ್ತು ಬ್ರ್ಯಾಕೆಟ್ ಆರ್ಡರ್ ತಪ್ಪಿಲ್ಲದೆ ಹಾಕುವ ಕ್ರಮ

ಡೊಂಬಿವಿಲಿಯಿಂದಲೋ ಮೀರಾ ರೋಡಿನಿಂದಲೋ ಮುಂಬಯಿಯ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವವರಿಗೆ ಬೆಳಗಿನ 9:15 ಎಂದರೆ ಎರಡೂ ಕೈ ಮೇಲಿನ ಹಿಡಿಕೆಯಲ್ಲಿರುವ ಹೊತ್ತು. ಮಾರ್ಕೆಟ್ ತೆರೆಯುವುದೂ ಆಗಲೇ. ಫೋನ್ ತೆಗೆಯಲು ಜಾಗವಿಲ್ಲ, ತೆಗೆದರೂ ನೆಟ್‌ವರ್ಕ್ ನಂಬುವಂತಿಲ್ಲ. ಅದಕ್ಕೇ ನಮ್ಮಲ್ಲಿ ಅನೇಕರು ಶೇರು ಕೊಳ್ಳುವಾಗಲೇ ಲಾಭಕ್ಕೆ ಮಾರುವ ಟಾರ್ಗೆಟ್ ಮತ್ತು ನಷ್ಟ ತಡೆಯುವ ಸ್ಟಾಪ್ ಎರಡನ್ನೂ ಕಟ್ಟಿಟ್ಟು ನೆಮ್ಮದಿಯಾಗಿ ಕೆಲಸಕ್ಕೆ ಹೋಗಬೇಕೆಂದು ಬಯಸುತ್ತಾರೆ.

ಆದರೆ ಭಾನುವಾರ ನಾಲ್ಕು ಜನ ಕೂತು ಆರ್ಡರ್ ಪುಸ್ತಕ ತೆರೆದರೆ ಕಾಣುವುದು ಬಹುಪಾಲು ಒಂದೇ ತಪ್ಪು. ಠಾಣೆಯಲ್ಲಿ ಕ್ಯಾಂಟೀನ್ ನಡೆಸುವ ಅಣ್ಣನೊಬ್ಬರು ಮೊನ್ನೆ ಫೋನ್ ಮುಂದೆ ಹಿಡಿದು, "ಮಾರಾಯ್ರೆ, ಟಾರ್ಗೆಟ್ ಮುಟ್ಟಿದೆ, ಸ್ಟಾಪೂ ಹಾಕಿದ್ದೆ. ಆದ್ರೂ ಮಾಲು ಕೈಯಲ್ಲೇ ಉಂಟಲ್ಲ, ಅದೂ ನಷ್ಟದಲ್ಲಿ!" ಎಂದರು. ಅವರ ಆರ್ಡರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಶೇರಿನ ಹೆಸರು ಬೇಡ, ಬೆಲೆ ಸಾಕು.

## ಮೊದಲು ತಿಳಿಯಬೇಕಾದ ಒಂದು ವ್ಯತ್ಯಾಸ

ಇದನ್ನು ಓದದೆ ಮುಂದಿನ ಹಂತಗಳಿಗೆ ಹೋಗಬೇಡಿ. ಹೆಚ್ಚಿನ ತಪ್ಪುಗಳ ಬೇರು ಇಲ್ಲಿದೆ.

ಬ್ರ್ಯಾಕೆಟ್ ಆರ್ಡರ್ ಆ ದಿನವೇ ಕೊಂಡು ಆ ದಿನವೇ ಮಾರುವವರಿಗಾಗಿ ಇರುವುದು. ನಿಮ್ಮ ಖರೀದಿ ಆದ ಕೂಡಲೇ ಬ್ರೋಕರ್ ಎರಡು ಮಾರಾಟದ ಆರ್ಡರುಗಳನ್ನು ಎಕ್ಸ್‌ಚೇಂಜಿಗೆ ಕಳಿಸುತ್ತಾನೆ. ಒಂದು ಟಾರ್ಗೆಟ್ ಬೆಲೆಯ ಲಿಮಿಟ್ ಆರ್ಡರ್, ಇನ್ನೊಂದು ಸ್ಟಾಪ್‌ಲಾಸ್ ಆರ್ಡರ್. ಎರಡೂ ಎಕ್ಸ್‌ಚೇಂಜಿನಲ್ಲೇ ಕಾಯುತ್ತಿರುತ್ತವೆ. ಒಂದರಲ್ಲಿ ಮಾರಾಟ ಆದ ಮೇಲೆ ಇನ್ನೊಂದನ್ನು ಬ್ರೋಕರ್ ರದ್ದು ಮಾಡುತ್ತಾನೆ.

ಆ ದಿನವೇ ಮಾರದೆ ಇಟ್ಟುಕೊಳ್ಳುವ ಡೆಲಿವರಿ ಶೇರುಗಳಿಗೆ ನಾವು ಹಾಕುವ ಜಿಟಿಟಿ ಒಸಿಒ, ಅಂದರೆ ಬೆಲೆ ಮುಟ್ಟುವ ತನಕ ಕಾದು, ಒಂದು ಎದ್ದರೆ ಇನ್ನೊಂದು ರದ್ದಾಗುವ ಜೋಡಿ, ಹಾಗಲ್ಲ. ಪರದೆಯ ಮೇಲೆ `GTT` ಅಡಿಯಲ್ಲಿ `OCO` ಎಂದು ಕಾಣುವ ಇದರಲ್ಲಿ ಎಕ್ಸ್‌ಚೇಂಜಿಗೆ ಇನ್ನೂ ಏನೂ ಹೋಗಿರುವುದಿಲ್ಲ. ನಿಮ್ಮ ಎರಡು ಟ್ರಿಗರ್ ಬೆಲೆಗಳು ಬ್ರೋಕರ್‌ನ ಕಂಪ್ಯೂಟರಿನಲ್ಲಿ ಬರೆದಿಟ್ಟ ಟಿಪ್ಪಣಿ ಅಷ್ಟೆ. ಮಾರ್ಕೆಟ್ ನಡೆಯುತ್ತಿರುವಾಗ ಕೊನೆಯ ವಹಿವಾಟಿನ ಬೆಲೆ, ಅಂದರೆ ಪರದೆಯ `LTP`, ಅವುಗಳಲ್ಲಿ ಒಂದನ್ನು ಮುಟ್ಟಿದಾಗ ಮಾತ್ರ ಒಂದು ಲಿಮಿಟ್ ಆರ್ಡರ್ ಹೊರಡುತ್ತದೆ. ಹಾಗೆ ಮುಟ್ಟಿದ ಕ್ಷಣದಲ್ಲೇ ಇನ್ನೊಂದು ಟ್ರಿಗರ್, ಅಂದರೆ ಒಸಿಒದ ಇನ್ನೊಂದು ಕಾಲು, ರದ್ದಾಗುತ್ತದೆ. ಹೊರಟ ಆರ್ಡರಿನಲ್ಲಿ ಮಾರಾಟ ಆಯಿತೋ ಇಲ್ಲವೋ ಎಂದು ಅದು ಕಾಯುವುದಿಲ್ಲ.

ಕ್ಯಾಂಟೀನ್ ಅಣ್ಣನ ಮಾಲು ಕೈಯಲ್ಲಿ ಉಳಿದದ್ದು ಈ "ಮುಟ್ಟಿದಾಗ" ಮತ್ತು "ಮಾರಾಟವಾದಾಗ" ಎಂಬೆರಡರ ನಡುವಿನ ಸಂದಿಯಲ್ಲಿ.

## ಬೇಕಾಗುವ ಸಿದ್ಧತೆ

ಡಿಮ್ಯಾಟ್ ಖಾತೆ, ಒಸಿಒ ಸೌಲಭ್ಯ ಇರುವ ಬ್ರೋಕರ್ ಆ್ಯಪ್, ಒಂದು ಕಾಗದ ಮತ್ತು ಪೆನ್ನು. ಇವುಗಳ ಜೊತೆಗೆ ಬಹಳ ಜನ ಮರೆಯುವ ಇನ್ನೊಂದು ಇದೆ: ಡಿಮ್ಯಾಟ್‌ನಿಂದ ಶೇರು ತೆಗೆಯಲು ಮುಂಚಿತ ಒಪ್ಪಿಗೆ.

ನೀವು ಡಿಡಿಪಿಐ ಎಂಬ ಆ ಒಪ್ಪಿಗೆ ಪತ್ರವನ್ನು ಬ್ರೋಕರ್‌ಗೆ ಕೊಟ್ಟಿಲ್ಲದಿದ್ದರೆ ಡಿಮ್ಯಾಟ್‌ನಲ್ಲಿರುವ ಶೇರು ಮಾರುವಾಗ ಟಿಪಿನ್ ಮತ್ತು ಒಟಿಪಿ ಹಾಕಿ ಒಪ್ಪಿಗೆ ಕೊಡಬೇಕು. ಒಮ್ಮೆ ಕೊಟ್ಟದ್ದು ಕಾಯಂ ಅಲ್ಲ. ನೀವು ಕುರ್ಲಾದಲ್ಲಿ ಗಾಡಿ ಬದಲಿಸುತ್ತಿರುವಾಗ ಸ್ಟಾಪ್ ಮುಟ್ಟಿತೆನ್ನಿ, ಆರ್ಡರ್ ಹೊರಟು, ಒಪ್ಪಿಗೆ ಇಲ್ಲವೆಂದು ತಿರಸ್ಕೃತವಾಗುತ್ತದೆ. ಇನ್ನೊಂದು ಕಾಲು ಆಗಲೇ ರದ್ದಾಗಿರುತ್ತದೆ. ಆದ್ದರಿಂದ ಒಸಿಒ ಮೇಲೆ ಭರವಸೆ ಇಡುವ ಮೊದಲು ಆ್ಯಪ್‌ನ ಪ್ರೊಫೈಲ್ ಪುಟದಲ್ಲಿ `DDPI` ಚಾಲ್ತಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆರ್ಡರ್ ಆಮೇಲೆ.

## ಹಂತ 1: ಹಿಂದಿನ ರಾತ್ರಿ ಕಾಗದದ ಮೇಲೆ ಬೆಲೆಗಳನ್ನು ಬರೆಯಿರಿ

ಆ್ಯಪ್ ತೆರೆದ ಮೇಲೆ ಯೋಚಿಸಲು ಕೂತರೆ ಬೆಲೆ ಓಡುವುದನ್ನು ನೋಡಿ ಮನಸ್ಸೂ ಓಡುತ್ತದೆ. ಅದಕ್ಕೇ ಮೊದಲು ಕಾಗದ.

ನಮ್ಮ ಉದಾಹರಣೆಯಲ್ಲಿ ಖರೀದಿ ₹640. ಚಾರ್ಟ್ ನೋಡಿದರೆ ₹620ರ ಕೆಳಗೆ ಹೋದರೆ ಕೊಂಡ ಕಾರಣವೇ ಸುಳ್ಳಾದಂತೆ, ಹಾಗಾಗಿ ಸ್ಟಾಪ್ ₹620. ಟಾರ್ಗೆಟ್ ₹680. ಈ ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು ₹2,000.

ಎಷ್ಟು ಶೇರು? 640ರಲ್ಲಿ 620 ಕಳೆದು 20 ಎಂದು ಲೆಕ್ಕ ಹಾಕಬೇಡಿ. ಸ್ಟಾಪ್ ಮುಟ್ಟಿದ ಮೇಲೆ ಮಾರಾಟ ಆಗುವುದು ಸಾಮಾನ್ಯವಾಗಿ ಸ್ವಲ್ಪ ಕೆಳಗೆ. ಚೆನ್ನಾಗಿ ವಹಿವಾಟಾಗುವ ಶೇರಿಗೆ ನಾನು ಮೂರು ರೂಪಾಯಿ ಸೇರಿಸಿ 23 ಎಂದು ಹಿಡಿಯುತ್ತೇನೆ.

```
2000 ÷ 23 = 86.9
```

ಅಂದರೆ 86 ಶೇರು, ಬೇಕಾಗುವ ಹಣ ₹55,040. ಭಾಗಾಕಾರದಲ್ಲಿ ಬಂದ ದಶಾಂಶವನ್ನು ಯಾವಾಗಲೂ ಕೆಳಕ್ಕೆ ಇಳಿಸಿ. ಡೆಲಿವರಿ ಶೇರಿಗೆ ಕೊಳ್ಳುವಾಗ, ಮಾರುವಾಗ ಎರಡೂ ಬಾರಿ 0.1% ಎಸ್‌ಟಿಟಿ ತೆರಿಗೆ ಇರುವುದರಿಂದ ಆ ಬಾಬತ್ತಿನಲ್ಲೇ ಇಲ್ಲಿ ಸುಮಾರು ₹110 ಹೋಗುತ್ತದೆ ಎಂಬುದನ್ನೂ ಕಾಗದದ ಮೂಲೆಯಲ್ಲಿ ಬರೆದುಕೊಳ್ಳಿ.

## ಹಂತ 2: ಪ್ರತಿ ಕಾಲಿಗೂ ಎರಡು ಬೆಲೆ ನಿರ್ಧರಿಸಿ

ಇದು ಈ ಬರಹದ ಮುಖ್ಯ ಹಂತ. ಒಸಿಒದಲ್ಲಿ ಟಾರ್ಗೆಟ್ ಎಂದರೆ ಒಂದು ಬೆಲೆಯಲ್ಲ, ಎರಡು: ಟ್ರಿಗರ್ ಮತ್ತು ಲಿಮಿಟ್. ಸ್ಟಾಪಿಗೂ ಹಾಗೆಯೇ. ಟ್ರಿಗರ್ ಎಂದರೆ "ಬೆಲೆ ಇಲ್ಲಿಗೆ ಬಂದಾಗ ಎಬ್ಬಿಸು". ಲಿಮಿಟ್ ಎಂದರೆ "ಇದಕ್ಕಿಂತ ಕಡಿಮೆಗೆ ಮಾರಬೇಡ".

ಕ್ಯಾಂಟೀನ್ ಅಣ್ಣ ಟಾರ್ಗೆಟ್ ಟ್ರಿಗರ್ 680, ಲಿಮಿಟ್ಟೂ 680 ಎಂದು ಹಾಕಿದ್ದರು. ನೋಡಲು ಸರಿಯೇ. ಬೆಲೆ 680.10 ಮುಟ್ಟಿತು, ಆರ್ಡರ್ ಹೊರಟಿತು. ಆದರೆ ಅದು ಎಕ್ಸ್‌ಚೇಂಜ್ ತಲುಪುವಷ್ಟರಲ್ಲಿ ಕೊಳ್ಳುವವರು 679.60ಕ್ಕೆ ಇಳಿದಿದ್ದರು. 680ಕ್ಕಿಂತ ಕಡಿಮೆಗೆ ಬೇಡವೆಂದು ಇವರೇ ಹೇಳಿದ್ದರಿಂದ ಆರ್ಡರ್ ಕಾಯುತ್ತಾ ನಿಂತಿತು. ಅಷ್ಟರಲ್ಲಿ ಸ್ಟಾಪ್ ಕಾಲು ರದ್ದಾಗಿತ್ತು. ಬೆಲೆ 676ಕ್ಕೆ ಜಾರಿತು. ಕಾಯುತ್ತಿದ್ದದ್ದು ಆ ದಿನದ ಮಟ್ಟಿನ ಆರ್ಡರ್, 3:30ಕ್ಕೆ ಅದೂ ಸತ್ತಿತು. ಮರುದಿನದಿಂದ ಅವರ 86 ಶೇರಿಗೆ ಟಾರ್ಗೆಟ್ಟೂ ಇಲ್ಲ, ಸ್ಟಾಪೂ ಇಲ್ಲ. ಅವರಿಗೆ ಅದು ಗೊತ್ತೂ ಇಲ್ಲ. ಮುಂದಿನ ವಾರ ಬೆಲೆ 618ಕ್ಕೆ ಬಂದಾಗ ಯಾವ ಆರ್ಡರೂ ಏಳಲಿಲ್ಲ.

ಇದಕ್ಕೆ ಮದ್ದು ಸುಲಭ. ಟಾರ್ಗೆಟ್ ಟ್ರಿಗರ್ 680 ಇಟ್ಟು ಲಿಮಿಟ್ಟನ್ನು 678.50ಕ್ಕೆ ಇಳಿಸಿ. "ಒಂದೂವರೆ ರೂಪಾಯಿ ಸುಮ್ಮನೆ ಬಿಟ್ಟುಕೊಡುವುದೇ?" ಎಂದು ಎಲ್ಲರೂ ಕೇಳುತ್ತಾರೆ. ಬಿಟ್ಟುಕೊಡುವುದಿಲ್ಲ. ಆ ಕ್ಷಣ ಯಾರಾದರೂ 679.90 ಕೊಡಲು ಸಿದ್ಧರಿದ್ದರೆ ನಿಮಗೆ ಸಿಗುವುದು 679.90. ಬೆಲೆ ಬೆಳಿಗ್ಗೆ ಎಗರಿ 690ಕ್ಕೆ ತೆರೆದರೆ ಮಾರಾಟ 690ರ ಆಸುಪಾಸಿನಲ್ಲೇ ಆಗುತ್ತದೆ. 678.50 ಎಂಬುದು ನೆಲ, ಬೆಲೆಯಲ್ಲ.

ಸ್ಟಾಪ್ ಕಾಲಿನಲ್ಲಿ ಈ ಸಂದಿ ಇನ್ನೂ ಅಗಲವಾಗಿರಬೇಕು, ಏಕೆಂದರೆ ಬೀಳುವ ಶೇರಿನಲ್ಲಿ ಕೊಳ್ಳುವವರು ಬೇಗ ಹಿಂದೆ ಸರಿಯುತ್ತಾರೆ. ಟ್ರಿಗರ್ 620 ಇದ್ದರೆ ನಾನು ಲಿಮಿಟ್ 608 ಇಡುತ್ತೇನೆ, ಸುಮಾರು 2% ಕೆಳಗೆ. ಎಂದಿನ ದಿನ ಮಾರಾಟ 619, 618ರಲ್ಲಿ ಮುಗಿಯುತ್ತದೆ. 608ರ ತನಕ ಜಾರಿಯೇ ಮಾರಾಟವಾದರೆ ನಷ್ಟ 32 ರೂಪಾಯಿಯಂತೆ 86 ಶೇರಿಗೆ ₹2,752. ಅಂದುಕೊಂಡ 2,000ಕ್ಕಿಂತ ಜಾಸ್ತಿ, ನಿಜ. ಆದರೆ ಲಿಮಿಟ್ ಬಿಗಿಯಾಗಿ 619.50 ಎಂದಿಟ್ಟು, ಮಾರಾಟವೇ ಆಗದೆ 590ರಲ್ಲಿ ಕೂತಿರುವುದಕ್ಕಿಂತ ಅದು ವಾಸಿ.

ಒಂದು ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ರಾತ್ರಿ ಕೆಟ್ಟ ಸುದ್ದಿ ಬಂದು ಶೇರು ನೇರ 600ಕ್ಕೆ ತೆರೆದರೆ, ಟ್ರಿಗರ್ ಏಳುತ್ತದೆ, 608ರ ಆರ್ಡರ್ ಹೊರಟು ಹಾಗೇ ನಿಲ್ಲುತ್ತದೆ. ಅಂಥ ದಿನ ನೀವೇ ಕೈ ಹಾಕಬೇಕು. ಹೇಗೆಂದು ಹಂತ 5ರಲ್ಲಿದೆ. ದಿನಕ್ಕೆ ಕೆಲವೇ ಸಾವಿರ ಶೇರು ಕೈ ಬದಲಾಗುವ ಚಿಕ್ಕ ಕಂಪನಿಗಳಲ್ಲಿ ಇದು ಪದೇ ಪದೇ ಆಗುತ್ತದೆ. ಆ ದಿನ ಇಳಿಯಬಹುದಾದ ಕೊನೆಯ ಬೆಲೆ ಮುಟ್ಟಿ ಲೋವರ್ ಸರ್ಕ್ಯೂಟ್ ಬಿದ್ದರಂತೂ ಕೊಳ್ಳುವವರೇ ಇರುವುದಿಲ್ಲ. ಅಂಥ ಶೇರುಗಳಿಗೆ ಒಸಿಒ ನೆಚ್ಚಿಕೊಳ್ಳಬೇಡಿ.

## ಹಂತ 3: ಆರ್ಡರ್ ತುಂಬುವ ಕ್ರಮ

ಮೊದಲು ಖರೀದಿಯ ಕಿಟಕಿ ತೆರೆದು ಡೆಲಿವರಿ ಆಯ್ಕೆ ಮಾಡಿ. ಹಲವು ಆ್ಯಪ್‌ಗಳಲ್ಲಿ ಅದು `CNC` ಎಂದಿರುತ್ತದೆ. `MIS` ಅಥವಾ ಇಂಟ್ರಾಡೇ ಆಯ್ಕೆ ಉಳಿದುಬಿಟ್ಟರೆ ಮಧ್ಯಾಹ್ನ ಮೂರರ ನಂತರ ಬ್ರೋಕರ್ ತಾನೇ ಮಾರಿಬಿಡುತ್ತಾನೆ.

ಆಮೇಲೆ ಸಂಖ್ಯೆ 86, ಆರ್ಡರ್ ಬಗೆ ಲಿಮಿಟ್, ಬೆಲೆ 640. ಮಾರ್ಕೆಟ್ ಆರ್ಡರಿನಲ್ಲಿ ಕೊಂಡರೆ 644ಕ್ಕೆ ಸಿಕ್ಕೀತು, ಆಗ ಕಾಗದದ ಲೆಕ್ಕವೆಲ್ಲ ಏರುಪೇರು.

ನಂತರ ಅದೇ ಕಿಟಕಿಯ ಕೆಳಗೆ ಸ್ಟಾಪ್‌ಲಾಸ್ ಮತ್ತು ಟಾರ್ಗೆಟ್ ಸೇರಿಸುವ ಜಾಗ ಇದೆಯೇ ನೋಡಿ. ಇದ್ದರೆ ಎರಡನ್ನೂ ಟಿಕ್ ಮಾಡಿ. ಅಲ್ಲಿ ಕೇಳುವುದು ಬೆಲೆಯೋ ಶೇಕಡಾವಾರೋ ಎಂದು ಎರಡು ಬಾರಿ ಓದಿ. ಶೇಕಡಾ ಕೇಳಿದರೆ ನಮ್ಮ ಸ್ಟಾಪ್ 3.125%, ಟಾರ್ಗೆಟ್ 6.25%. ಕೆಲವು ಆ್ಯಪ್‌ಗಳು ಶೇಕಡಾ ತೆಗೆದುಕೊಂಡು ಲಿಮಿಟ್ ಬೆಲೆಯನ್ನು ತಾವೇ ತುಂಬುತ್ತವೆ, ಹಂತ 2ರ ಸಂದಿಯನ್ನು ಬಿಡದೆ. ಅಂಥ ಕಡೆ ಖರೀದಿ ಆದ ಮೇಲೆ ಜಿಟಿಟಿ ಪುಟಕ್ಕೆ ಹೋಗಿ ಲಿಮಿಟ್ಟುಗಳನ್ನು ಕೈಯಾರೆ 678.50 ಮತ್ತು 608ಕ್ಕೆ ತಿದ್ದಬೇಕು.

ಸೇರಿಸುವ ಜಾಗವೇ ಇಲ್ಲದಿದ್ದರೆ ಖರೀದಿ ಮುಗಿದ ಕೂಡಲೇ ಆ ಶೇರಿನ ಮೇಲೆ ಒತ್ತಿ, ಜಿಟಿಟಿ ತೆರೆದು, ಮಾರಾಟ ಮತ್ತು `OCO` ಆಯ್ಕೆ ಮಾಡಿ ನಾಲ್ಕು ಬೆಲೆಗಳನ್ನೂ ತುಂಬಿ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಎರಡು ಬೇರೆ ಬೇರೆ ಸಿಂಗಲ್ ಜಿಟಿಟಿ ಹಾಕಿ ಒಸಿಒ ಹಾಕಿದೆನೆಂದು ತಿಳಿಯಬೇಡಿ. ಅವೆರಡಕ್ಕೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಟಾರ್ಗೆಟ್‌ನಲ್ಲಿ ಮಾರಿ ಲಾಭ ತೆಗೆದ ಮೇಲೂ ಸ್ಟಾಪ್ ಜೀವಂತವಾಗಿ ಕೂತಿರುತ್ತದೆ. ಜಿಟಿಟಿ ಪುಟದಲ್ಲಿ ಒಂದೇ ಸಾಲಿನಲ್ಲಿ ಎರಡು ಟ್ರಿಗರ್ ಕಂಡರೆ ಸರಿ. ಎರಡು ಸಾಲು ಕಂಡರೆ ತಪ್ಪು, ಎರಡನ್ನೂ ಅಳಿಸಿ ಹೊಸದಾಗಿ ಹಾಕಿ.

## ಹಂತ 4: ಖರೀದಿ ಆದ ಮೇಲೆ ಸಂಖ್ಯೆ ಹೋಲಿಸಿ

ಲಿಮಿಟ್ ಖರೀದಿಯಲ್ಲಿ 86ರ ಬದಲು 50 ಮಾತ್ರ ಸಿಗುವುದು ಅಪರೂಪವೇನಲ್ಲ. ಆಗ ಸೇರಿಸಿದ ಒಸಿಒ ಏನು ಮಾಡುತ್ತದೆ ಎಂಬುದು ಬ್ರೋಕರಿಂದ ಬ್ರೋಕರಿಗೆ ಬೇರೆ. ಕೆಲವು ಕಡೆ ಪೂರ್ತಿ 86 ಸಿಕ್ಕ ಮೇಲೆಯೇ ಒಸಿಒ ಹುಟ್ಟುತ್ತದೆ. ಅಲ್ಲಿಯ ತನಕ ಆ 50 ಶೇರಿಗೆ ಕಾವಲಿಲ್ಲ. ನೀವೇ ಕೈಯಿಂದ 86ಕ್ಕೆ ಹಾಕಿದ್ದರೆ, ಕೈಯಲ್ಲಿರುವುದು 50 ಆಗಿ ಮಾರಾಟದ ಆರ್ಡರ್ ತಿರಸ್ಕೃತವಾಗಬಹುದು.

ಹಾಗಾಗಿ ಕಚೇರಿ ತಲುಪಿದ ಮೇಲೆ ಎರಡೇ ಎರಡು ಸಂಖ್ಯೆ ನೋಡಿ: ಕೊಂಡದ್ದು ಎಷ್ಟು, ಒಸಿಒದಲ್ಲಿರುವುದು ಎಷ್ಟು. ಬೇರೆ ಇದ್ದರೆ ಉಳಿದ ಖರೀದಿಯನ್ನು ರದ್ದು ಮಾಡಿ, ಒಸಿಒ ಸಂಖ್ಯೆಯನ್ನು ಕೊಂಡಷ್ಟಕ್ಕೆ ಇಳಿಸಿ. ಖರೀದಿಯೇ ಆಗದೆ ದಿನ ಮುಗಿದರೆ ಸೇರಿಸಿದ ಒಸಿಒ ಹುಟ್ಟಿರುವುದೇ ಇಲ್ಲ. ಮರುದಿನ ಎಲ್ಲವನ್ನೂ ಮೊದಲಿನಿಂದ ತುಂಬಬೇಕು.

## ಹಂತ 5: "ಟ್ರಿಗರ್ ಆಯಿತು" ಎಂಬ ಸಂದೇಶ ಬಂದಾಗ

ಫೋನಿಗೆ ಆ ಸಂದೇಶ ಬಂದ ಕೂಡಲೇ ಖುಷಿಪಡುವವರೇ ಹೆಚ್ಚು. ಅದು ಮಾರಾಟದ ಸಂದೇಶವಲ್ಲ. ಜಿಟಿಟಿ ಪುಟ ಬಿಟ್ಟು ಆರ್ಡರ್ ಪುಟಕ್ಕೆ ಹೋಗಿ ಅಲ್ಲಿಯ ಸ್ಥಿತಿ ಓದಿ.

`Complete` ಎಂದಿದ್ದರೆ ಮುಗಿಯಿತು. `Open` ಎಂದಿದ್ದರೆ ಆರ್ಡರ್ ಕಾಯುತ್ತಿದೆ, ನಿಮಗೆ ಬೇರೆ ಕಾವಲಿಲ್ಲ. ಸ್ಟಾಪ್ ಕಾಲು ಹೀಗೆ ನಿಂತಿದ್ದರೆ ಹೊಸ ಮಾರಾಟದ ಆರ್ಡರ್ ಹಾಕಬೇಡಿ. ಅದೇ ಆರ್ಡರನ್ನು ತೆರೆದು ಬೆಲೆಯನ್ನು ಈಗಿನ ಕೊಳ್ಳುವವರ ಬೆಲೆಗಿಂತ ತುಸು ಕೆಳಗೆ ತಿದ್ದಿ. ಟಾರ್ಗೆಟ್ ಕಾಲು ನಿಂತಿದ್ದರೆ ಹಾಗೆಯೇ ತಿದ್ದಿ ಮಾರಬಹುದು, ಇಲ್ಲವೇ ರದ್ದು ಮಾಡಿ ಹೊಸ ಒಸಿಒ ಹಾಕಬಹುದು. ಏನೂ ಮಾಡದೆ ಬಿಡುವುದು ಮಾತ್ರ ಕೂಡದು, ಏಕೆಂದರೆ 3:30ಕ್ಕೆ ಅದು ಅಳಿಯುತ್ತದೆ. `Rejected` ಎಂದಿದ್ದರೆ ಅದರ ಮೇಲೆ ಒತ್ತಿ ಕಾರಣ ಓದಿ. ಸಾಮಾನ್ಯವಾಗಿ ಡಿಮ್ಯಾಟ್ ಒಪ್ಪಿಗೆ ಇಲ್ಲದಿರುವುದು ಅಥವಾ ಸಂಖ್ಯೆ ಹೊಂದದಿರುವುದು.

ಇನ್ನೊಂದು ಕಾರಣ ಬೆಲೆಯ ಟಿಕ್, ಅಂದರೆ ಬೆಲೆ ಏರಿಳಿಯುವ ಅತಿ ಚಿಕ್ಕ ಹೆಜ್ಜೆ. ಎನ್‌ಎಸ್‌ಇಯಲ್ಲಿ 2025ರ ಏಪ್ರಿಲ್‌ನಿಂದ ಟಿಕ್ ಶೇರಿನ ಬೆಲೆಯ ಮೇಲೆ ಬದಲಾಗುತ್ತದೆ. ನಮ್ಮ 640 ರೂಪಾಯಿಯ ಶೇರಿಗೆ 5 ಪೈಸೆ. ಅಂದರೆ 678.50 ನಡೆಯುತ್ತದೆ, 678.52 ನಡೆಯುವುದಿಲ್ಲ. ಸಾವಿರ ದಾಟಿ ಐದು ಸಾವಿರದೊಳಗಿರುವ ಶೇರಿಗೆ 10 ಪೈಸೆ.

## ಅದೇ ದಿನ ಮಾರುವವರಿಗೆ: ಬ್ರ್ಯಾಕೆಟ್

2020ರ ಭಾರಿ ಏರಿಳಿತದ ಹೊತ್ತಿನಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿದ ಬ್ರೋಕರುಗಳೂ ಇದ್ದಾರೆ. ನಿಮ್ಮಲ್ಲಿ ಇದ್ದರೆ ಕ್ರಮ ಹೆಚ್ಚುಕಡಿಮೆ ಮೇಲಿನದೇ, ತಪ್ಪುಗಳು ಮಾತ್ರ ಬೇರೆ.

ಮೊದಲನೆಯದು, ಹಲವು ಕಿಟಕಿಗಳಲ್ಲಿ ಸ್ಟಾಪ್‌ಲಾಸ್ ಮತ್ತು ಟಾರ್ಗೆಟ್ ಕೇಳುವುದು ಬೆಲೆಯನ್ನಲ್ಲ, ಖರೀದಿ ಬೆಲೆಯಿಂದ ಎಷ್ಟು ರೂಪಾಯಿ ದೂರ ಎಂಬುದನ್ನು. 640ಕ್ಕೆ ಕೊಂಡು 634ಕ್ಕೆ ಸ್ಟಾಪ್, 649ಕ್ಕೆ ಟಾರ್ಗೆಟ್ ಬೇಕಾದರೆ ಅಲ್ಲಿ ಬರೆಯಬೇಕಾದದ್ದು 6 ಮತ್ತು 9. ಸ್ಟಾಪ್ ಜಾಗದಲ್ಲಿ 634 ಎಂದು ಬರೆದರೆ ಆರ್ಡರ್ ತಿರಸ್ಕೃತವಾದರೆ ಪುಣ್ಯ. ಕಳಿಸುವ ಮೊದಲು ಲೆಕ್ಕದ ಬೆಲೆಗಳನ್ನು ಪರದೆ ತೋರಿಸಿದರೆ ಅಲ್ಲೇ ನಿಂತು ಓದಿ.

ಎರಡನೆಯದು ಇನ್ನೂ ಅಪಾಯದ್ದು. ಬೆಲೆ ಎತ್ತ ಹೋದರೂ ಬೇಗ ಹೊರಬರಬೇಕೆನಿಸಿದಾಗ ಜನ ಬೇರೆ ಮಾರಾಟದ ಆರ್ಡರ್ ಹಾಕಿಬಿಡುತ್ತಾರೆ. ಆಗ ಕೊಂಡ ಶೇರು ಮಾರಾಟವಾಗುತ್ತದೆ, ಬ್ರ್ಯಾಕೆಟ್‌ನ ಎರಡು ಕಾಲುಗಳು ಎಕ್ಸ್‌ಚೇಂಜಿನಲ್ಲಿ ಹಾಗೇ ಉಳಿಯುತ್ತವೆ. ಅವುಗಳಲ್ಲಿ ಒಂದು ಮುಟ್ಟಿದರೆ ಇಲ್ಲದ ಶೇರನ್ನು ಮಾರಿದಂತೆ, ಅಂದರೆ ಶಾರ್ಟ್. ಬ್ರ್ಯಾಕೆಟ್‌ನಿಂದ ಹೊರಬರಲು ಆ ಆರ್ಡರಿನ ಮೇಲಿರುವ `Exit` ಒಂದೇ ದಾರಿ. ಪೊಸಿಷನ್ ಪುಟದಲ್ಲಿ ಸಂಖ್ಯೆಯ ಮುಂದೆ ಮೈನಸ್ ಗುರುತು ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ. ಮೊದಲು ಬಾಕಿ ಆರ್ಡರುಗಳನ್ನು ರದ್ದು ಮಾಡಿ, ಆಮೇಲೆ ಅಷ್ಟೇ ಸಂಖ್ಯೆ ಕೊಂಡು ಮುಚ್ಚಿ. ಕ್ರಮ ತಿರುವುಮುರುವಾದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಮಾರ್ಕೆಟ್ ತೀರಾ ಜೋರಾಗಿ ಓಡುವಾಗ ಎರಡೂ ಕಾಲು ಒಂದರ ಹಿಂದೊಂದು ಮುಟ್ಟಿ, ರದ್ದು ಮಾಡುವಷ್ಟರಲ್ಲಿ ಎರಡರಲ್ಲೂ ಮಾರಾಟವಾಗಿ ಇದೇ ಮೈನಸ್ ಬರುವುದೂ ಉಂಟು.

## ಹಂತ 6: ವಾರಕ್ಕೊಮ್ಮೆ ಹಳೆಯದನ್ನು ಗುಡಿಸಿ

ಜಿಟಿಟಿಯ ಆಯುಸ್ಸು ಹಲವು ಬ್ರೋಕರುಗಳಲ್ಲಿ ಒಂದು ವರ್ಷ. ಅದೇ ಅದರ ಅನುಕೂಲ, ಅದೇ ಅದರ ತೊಂದರೆ.

ನೀವು ಮನಸ್ಸು ಬದಲಿಸಿ 660ಕ್ಕೆ ಕೈಯಾರೆ ಮಾರಿದಿರಿ ಎನ್ನಿ. ಒಸಿಒ ತಾನಾಗಿ ಹೋಗುವುದಿಲ್ಲ. ಎರಡು ತಿಂಗಳ ನಂತರ ಅದೇ ಶೇರನ್ನು 600ಕ್ಕೆ ಮತ್ತೆ ಕೊಳ್ಳಲು ಹೋಗುತ್ತೀರಿ. ಆ ನಡುವೆ ಬೆಲೆ 620ರ ಕೆಳಗೆ ಇಳಿದಾಗ ಹಳೆಯ ಸ್ಟಾಪ್ ಎದ್ದು ಶೇರಿಲ್ಲದೆ ತಿರಸ್ಕೃತವಾಗಿದ್ದರೆ ಅದೃಷ್ಟ. ಬದಲಿಗೆ ನೀವು 630ಕ್ಕೇ ಮತ್ತೆ ಕೊಂಡಿದ್ದರೆ, ನಿಮಗೆ ನೆನಪೇ ಇಲ್ಲದ ಆ ಹಳೆಯ 620 ನಿಮ್ಮ ಹೊಸ ಶೇರನ್ನು ಮಾರುತ್ತದೆ. ಆದ್ದರಿಂದ ಕೈಯಾರೆ ಮಾರುವ ಮೊದಲು ಒಸಿಒ ಅಳಿಸಿ, ಆಮೇಲೆ ಮಾರಿ.

ಬೋನಸ್, ಸ್ಪ್ಲಿಟ್ ಬಂದಾಗಲೂ ಹೀಗೆಯೇ ನೋಡಬೇಕು. 1:1 ಬೋನಸ್ ಎಂದರೆ ಎಕ್ಸ್-ಡೇಟ್ ಬೆಳಿಗ್ಗೆ 660ರ ಶೇರು 330ರ ಹತ್ತಿರ ತೆರೆಯುತ್ತದೆ. ನಿಮ್ಮ 620ರ ಸ್ಟಾಪ್‌ಗೆ ಅದು ಬೋನಸ್ ಎಂದು ಗೊತ್ತಿಲ್ಲ, ಬಿದ್ದಿತೆಂದೇ ತಿಳಿಯುತ್ತದೆ. ಬ್ರೋಕರ್ ಮುಂಚಿತವಾಗಿ ಜಿಟಿಟಿ ರದ್ದು ಮಾಡಿದರೂ ಮಾಡಬಹುದು, ಆಗ ಕಾವಲಿಲ್ಲದೆ ಉಳಿಯುತ್ತೀರಿ. ಎರಡೂ ಬೇಡವೆಂದರೆ ಎಕ್ಸ್-ಡೇಟ್‌ನ ಹಿಂದಿನ ಸಂಜೆ ಹಳೆಯದನ್ನು ಅಳಿಸಿ, ಮರುದಿನ ಹೊಸ ಬೆಲೆಗೆ, ಖಾತೆಯಲ್ಲಿ ಆಗ ಇರುವಷ್ಟೇ ಸಂಖ್ಯೆಗೆ ಒಸಿಒ ಹಾಕಿ. ಬೋನಸ್ ಶೇರುಗಳು ಡಿಮ್ಯಾಟ್‌ಗೆ ಬಂದು ಮಾರಲು ಸಿಗುವಂತಾದ ದಿನ ಆ ಸಂಖ್ಯೆಯನ್ನು 86ರಿಂದ 172ಕ್ಕೆ ಏರಿಸಿ.

ಕ್ಯಾಂಟೀನ್ ಅಣ್ಣನ ಜಿಟಿಟಿ ಪುಟವನ್ನು ನಾವು ಆ ಭಾನುವಾರ ಹೀಗೇ ಗುಡಿಸಿದೆವು. ಹನ್ನೊಂದು ಸಾಲಿನಲ್ಲಿ ನಾಲ್ಕು ಅವರು ಯಾವಾಗಲೋ ಮಾರಿಬಿಟ್ಟಿದ್ದ ಶೇರುಗಳದ್ದು. ಉಳಿದ ಏಳರಲ್ಲಿ ಆರಕ್ಕೆ ಟ್ರಿಗರ್ರೂ ಲಿಮಿಟ್ಟೂ ಒಂದೇ ಬೆಲೆ ಇತ್ತು. ಚಹಾ ಆರುವಷ್ಟರಲ್ಲಿ ಆರನ್ನೂ ತಿದ್ದಿ ಮುಗಿಸಿದೆವು.